ಆಮ್ಲ ಬಿದ್ದರೂ ಪಿಎಚ್ ಕುಸಿಯದ ದ್ರಾವಣ: ಅಸಿಟೇಟ್ ಬಫರ್ ತಯಾರಿಸಿ ಪರೀಕ್ಷಿಸುವ ಕ್ರಮ

ಹಾಸನದಲ್ಲಿ ಬಿಎಸ್ಸಿ ಓದುವ ವಿದ್ಯಾರ್ಥಿಗಳು ಪ್ರಾಯೋಗಿಕ ಪರೀಕ್ಷೆ ಹತ್ತಿರವಾದಾಗಲೆಲ್ಲ ಒಂದೇ ಪ್ರಶ್ನೆಯನ್ನು ಕೇಳುತ್ತಾರೆ: ಬಫರ್ ದ್ರಾವಣಕ್ಕೆ ಆಮ್ಲ ಹಾಕಿದರೂ ಅದರ ಪಿಎಚ್ ಏಕೆ ಬದಲಾಗುವುದಿಲ್ಲ? ಇದೇ ಪ್ರಶ್ನೆ ಸಕಲೇಶಪುರ, ಮೂಡಿಗೆರೆ ಕಡೆಯ ಕಾಫಿ ಬೆಳೆಗಾರರಿಂದ ಬೇರೆ ರೂಪದಲ್ಲಿ ಬರುತ್ತದೆ. ಮಣ್ಣು ನೋಡಲೆಂದು ಕೊಂಡ ಪಿಎಚ್ ಮೀಟರಿನ ಜೊತೆಗೆ, ಅದನ್ನು ಸರಿಹೊಂದಿಸಲು ಬೇಕಾದ ಬಫರಿನ ಪುಡಿ ಸಣ್ಣ ಪೊಟ್ಟಣಗಳಲ್ಲಿ ಬಂದಿರುತ್ತದೆ. ಆ ಪುಡಿಯನ್ನು 250 ಮಿ.ಲೀ. ನೀರಿನಲ್ಲಿ ಕರಗಿಸಬೇಕೆಂದು ಬರೆದಿರುತ್ತದೆ. ನೀರು ಹತ್ತು ಮಿ.ಲೀ. ಹೆಚ್ಚು ಕಡಿಮೆಯಾದರೆ ಮೀಟರ್ ತಪ್ಪು ತೋರಿಸುವುದೇ ಎಂಬುದು ಅವರ ಆತಂಕ. ಈ ಎರಡು ಪ್ರಶ್ನೆಗಳಿಗೂ ಉತ್ತರ ಒಂದೇ ಕಡೆ ಇದೆ. ಪಠ್ಯದ ವ್ಯಾಖ್ಯೆಯನ್ನು ಮತ್ತೊಮ್ಮೆ ಓದುವುದಕ್ಕಿಂತ, ಒಂದು ಬಫರನ್ನು ನೀವೇ ತಯಾರಿಸಿ, ಅದಕ್ಕೆ ಆಮ್ಲವನ್ನು ಅಳೆದು ಹಾಕುತ್ತ ಹೋಗಿ, ಅದು ಎಲ್ಲಿಯವರೆಗೆ ತಡೆಯುತ್ತದೆ ಮತ್ತು ಎಲ್ಲಿ ಸೋಲುತ್ತದೆ ಎಂಬುದನ್ನು ಕಣ್ಣಾರೆ ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. ಇಲ್ಲಿ ಅಸಿಟಿಕ್ ಆಮ್ಲ ಮತ್ತು ಸೋಡಿಯಂ ಅಸಿಟೇಟ್ ಸೇರಿದ ಬಫರನ್ನು ಮಾತ್ರ ತೆಗೆದುಕೊಂಡಿದ್ದೇನೆ. ಎರಡೂ ಅಗ್ಗದ ವಸ್ತುಗಳು, ಯಾವ ಕಾಲೇಜಿನ ಪ್ರಯೋಗಾಲಯದಲ್ಲಾದರೂ ಇರುತ್ತವೆ.

ಮೊದಲಿಗೆ ಪ್ರಶ್ನೆಯನ್ನೇ ಸ್ವಲ್ಪ ತಿದ್ದಿಕೊಳ್ಳಬೇಕು. ಬಫರಿನ ಪಿಎಚ್ ಬದಲಾಗುವುದಿಲ್ಲ ಎನ್ನುವುದು ಸರಿಯಲ್ಲ. ಬದಲಾಗುತ್ತದೆ, ಆದರೆ ಬಹಳ ಕಡಿಮೆ. ಎಷ್ಟು ಕಡಿಮೆ ಎಂಬುದನ್ನು ಮೊದಲೇ ಲೆಕ್ಕ ಹಾಕಿ ಹೇಳಬಹುದು.

ಆರಂಭಿಸುವ ಮುನ್ನ ತಿಳಿದಿರಬೇಕಾದದ್ದು

ಪಿಎಚ್ ಎಂದರೆ ದ್ರಾವಣದಲ್ಲಿ ಬಿಡಿಯಾಗಿರುವ ಹೈಡ್ರೋಜನ್ ಅಯಾನುಗಳ ಸಾಂದ್ರತೆಯನ್ನು ಹೇಳುವ ಅಳತೆ. ಡೆನ್ಮಾರ್ಕಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿದ್ದ ಸೋರೆನ್ಸನ್ ಇದನ್ನು 1909ರಲ್ಲಿ ಬಳಕೆಗೆ ತಂದರು. ಇದು ಲಾಗರಿದಮ್ ಅಳತೆಯಾದ್ದರಿಂದ ಪಿಎಚ್ ಒಂದು ಅಂಕ ಇಳಿದರೆ ಹೈಡ್ರೋಜನ್ ಅಯಾನುಗಳು ಹತ್ತು ಪಟ್ಟು ಹೆಚ್ಚಿವೆ ಎಂದರ್ಥ, ಎರಡು ಅಂಕ ಇಳಿದರೆ ನೂರು ಪಟ್ಟು. ಇಲ್ಲಿ 'ಬಿಡಿಯಾಗಿರುವ' ಎಂಬ ಮಾತನ್ನು ಗಮನದಲ್ಲಿಡಿ. ಮೀಟರ್ ಎಣಿಸುವುದು ಬಿಡಿ ಅಯಾನುಗಳನ್ನು ಮಾತ್ರ. ಯಾವುದಾದರೂ ಅಣುವಿಗೆ ಅಂಟಿಕೊಂಡಿರುವ ಹೈಡ್ರೋಜನ್ ಅದರ ಲೆಕ್ಕಕ್ಕೆ ಬರುವುದಿಲ್ಲ. ಬಫರಿನ ಕೆಲಸವೆಲ್ಲ ಈ ವ್ಯತ್ಯಾಸದ ಮೇಲೆ ನಿಂತಿದೆ.

ಹೈಡ್ರೋಕ್ಲೋರಿಕ್ ಆಮ್ಲ ಪ್ರಬಲ ಆಮ್ಲ. ನೀರಿಗೆ ಬಿದ್ದ ಕೂಡಲೇ ಅದರಲ್ಲಿರುವ ಹೈಡ್ರೋಜನ್ ಎಲ್ಲವೂ ಬಿಡಿಯಾಗುತ್ತದೆ, ಉಳಿದ ಕ್ಲೋರೈಡ್ ಅಯಾನಿಗೆ ಅದನ್ನು ಮತ್ತೆ ಹಿಡಿದುಕೊಳ್ಳುವ ಒಲವು ಇಲ್ಲ. ಅಸಿಟಿಕ್ ಆಮ್ಲ ದುರ್ಬಲ ಆಮ್ಲ. 0.1 ಮೋಲಾರ್ ಅಸಿಟಿಕ್ ಆಮ್ಲದ ದ್ರಾವಣದಲ್ಲಿ ನೂರು ಅಣುಗಳ ಪೈಕಿ ಒಂದಕ್ಕಿಂತ ತುಸು ಹೆಚ್ಚು ಮಾತ್ರ ಒಡೆದಿರುತ್ತದೆ, ಉಳಿದವು ಇಡಿಯಾಗಿಯೇ ಇರುತ್ತವೆ. ಒಡೆದಾಗ ಬರುವ ಅಸಿಟೇಟ್ ಅಯಾನು ಹೈಡ್ರೋಜನ್ ಅಯಾನು ಎದುರಾದರೆ ಹಿಡಿದುಕೊಂಡು ಮತ್ತೆ ಅಸಿಟಿಕ್ ಆಮ್ಲವಾಗುತ್ತದೆ. ಈ ಒಡೆಯುವಿಕೆ ಮತ್ತು ಕೂಡುವಿಕೆ ಏಕಕಾಲದಲ್ಲಿ ನಡೆಯುತ್ತಿರುವ ಸ್ಥಿತಿಗೆ ಸಮತೋಲನ ಎನ್ನುತ್ತಾರೆ.

```
CH3COOH ⇌ H+ + CH3COO-
pH = pKa + log10( [CH3COO-] / [CH3COOH] )
```

ಎರಡನೆಯ ಸಾಲಿನಲ್ಲಿರುವುದು ಹೆಂಡರ್‌ಸನ್–ಹ್ಯಾಸೆಲ್‌ಬಾಲ್ಕ್ ಸಮೀಕರಣ. ಅದರಲ್ಲಿನ ಪಿಕೆಎ ಎಂಬುದು ಆಯಾ ಆಮ್ಲದ ದೌರ್ಬಲ್ಯವನ್ನು ಹೇಳುವ ಸ್ಥಿರ ಸಂಖ್ಯೆ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅಸಿಟಿಕ್ ಆಮ್ಲಕ್ಕೆ ಅದು 4.76. ಸಮೀಕರಣ ಹೇಳುವುದಿಷ್ಟು: ಬಫರಿನ ಪಿಎಚ್ ನಿರ್ಧಾರವಾಗುವುದು ಅಸಿಟೇಟ್ ಮತ್ತು ಅಸಿಟಿಕ್ ಆಮ್ಲಗಳ ಅನುಪಾತದಿಂದ. ಎರಡೂ ಸಮನಾಗಿದ್ದರೆ ಅನುಪಾತ ಒಂದು, ಅದರ ಲಾಗ್ ಸೊನ್ನೆ, ಪಿಎಚ್ 4.76.

ಬೆಳೆಗಾರರ ಪ್ರಶ್ನೆಗೆ ಉತ್ತರ ಇಲ್ಲಿಯೇ ಸಿಕ್ಕಿತು. ಪೊಟ್ಟಣದ ಪುಡಿಯನ್ನು 250ರ ಬದಲು 260 ಮಿ.ಲೀ. ನೀರಿನಲ್ಲಿ ಕರಗಿಸಿದರೆ ಎರಡೂ ಘಟಕಗಳು ಒಂದೇ ಪ್ರಮಾಣದಲ್ಲಿ ತೆಳುವಾಗುತ್ತವೆ, ಅನುಪಾತ ಹಾಗೆಯೇ ಉಳಿಯುತ್ತದೆ, ಆದ್ದರಿಂದ ಪಿಎಚ್ ಗಮನಕ್ಕೆ ಬರುವಷ್ಟು ಬದಲಾಗುವುದಿಲ್ಲ. ಆದರೆ ಪುಡಿಯ ಒಂದು ಭಾಗವನ್ನು ಪೊಟ್ಟಣದಲ್ಲೇ ಉಳಿಸಿ ಇನ್ನೊಂದು ದಿನಕ್ಕೆ ಇಟ್ಟುಕೊಳ್ಳಬೇಡಿ. ಪುಡಿಯೊಳಗಿನ ಲವಣಗಳು ಸಮವಾಗಿ ಬೆರೆತಿವೆ ಎಂಬ ಭರವಸೆ ಇಲ್ಲ, ಅರ್ಧ ತೆಗೆದರೆ ಅನುಪಾತವೇ ಕೆಡಬಹುದು.

ಬೇಕಾಗುವ ವಸ್ತುಗಳು

ಗ್ಲೇಷಿಯಲ್ ಅಸಿಟಿಕ್ ಆಮ್ಲ (ಅಂದರೆ ನೀರು ಬೆರೆಸದ, ಹೆಚ್ಚುಕಡಿಮೆ ಶುದ್ಧ ಆಮ್ಲ), ಸೋಡಿಯಂ ಅಸಿಟೇಟ್, 1 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲ, ಭಟ್ಟಿ ಇಳಿಸಿದ ನೀರು, 500 ಮಿ.ಲೀ.ಯ ಎರಡು ಅಳತೆ ಫ್ಲಾಸ್ಕ್‌ಗಳು, 50 ಮಿ.ಲೀ. ಪಿಪೆಟ್, ಬ್ಯೂರೆಟ್, ಬೀಕರ್‌ಗಳು, ಗಾಜಿನ ಕಡ್ಡಿ, ಮತ್ತು ಎರಡು ದಶಮಾಂಶದವರೆಗೆ ತೋರಿಸುವ ಪಿಎಚ್ ಮೀಟರ್ ಬೇಕು. ಮೀಟರ್ ಇಲ್ಲದ ಶಾಲೆಗಳಲ್ಲಿ ಮೀಥೈಲ್ ಆರೆಂಜ್ ಸೂಚಕದಿಂದಲೂ ಈ ಪ್ರಯೋಗದ ಮುಖ್ಯ ಭಾಗವನ್ನು ತೋರಿಸಬಹುದು. ಅದನ್ನು ಐದನೆಯ ಹಂತದಲ್ಲಿ ಹೇಳಿದ್ದೇನೆ.

ಒಂದು ಮೋಲಾರ್ ಎಂದರೆ ಒಂದು ಲೀಟರ್ ದ್ರಾವಣದಲ್ಲಿ ಒಂದು ಮೋಲ್ ವಸ್ತು ಇದೆ ಎಂದರ್ಥ. ಮೋಲಿನ ಸಾವಿರದಲ್ಲೊಂದು ಪಾಲು ಮಿಲಿಮೋಲ್. ಮಿ.ಲೀ. ಸಂಖ್ಯೆಯನ್ನು ಮೋಲಾರಿಟಿಯಿಂದ ಗುಣಿಸಿದರೆ ನೇರವಾಗಿ ಮಿಲಿಮೋಲ್ ಸಿಗುತ್ತದೆ. ಮುಂದಿನ ಲೆಕ್ಕಗಳನ್ನೆಲ್ಲ ಮಿಲಿಮೋಲಿನಲ್ಲೇ ಮಾಡೋಣ, ಏಕೆಂದರೆ ಅದರಲ್ಲಿ ಕೂಡಿ ಕಳೆಯುವುದು ಸುಲಭ.

1 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲ ಸಿದ್ಧವಿಲ್ಲದಿದ್ದರೆ, 100 ಮಿ.ಲೀ. ಫ್ಲಾಸ್ಕ್‌ನಲ್ಲಿ ಅರ್ಧಕ್ಕಿಂತ ಹೆಚ್ಚು ನೀರು ತೆಗೆದುಕೊಂಡು ಅದಕ್ಕೆ ಸುಮಾರು 8.6 ಮಿ.ಲೀ. ಸಾಂದ್ರ ಆಮ್ಲವನ್ನು ನಿಧಾನವಾಗಿ ಸೇರಿಸಿ, ತಣಿದ ಮೇಲೆ ಗೆರೆಯವರೆಗೆ ನೀರು ತುಂಬಿಸಿ. ನೀರಿಗೆ ಆಮ್ಲ ಹಾಕಬೇಕು, ಆಮ್ಲಕ್ಕೆ ನೀರು ಹಾಕಬಾರದು. ಕನ್ನಡಕ ಮತ್ತು ಕೈಗವಸು ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ.

ಹಂತ 1: ಅಸಿಟಿಕ್ ಆಮ್ಲದ ದ್ರಾವಣ

ಬೇಕಾದದ್ದು 0.2 ಮೋಲಾರ್ ದ್ರಾವಣ, 500 ಮಿ.ಲೀ. ಅಸಿಟಿಕ್ ಆಮ್ಲದ ಒಂದು ಮೋಲ್ 60 ಗ್ರಾಂ, ಅದರ ಸಾಂದ್ರತೆ ಮಿ.ಲೀ.ಗೆ 1.05 ಗ್ರಾಂ. ಹಾಗಾಗಿ ನಮಗೆ ಬೇಕಾದ 6 ಗ್ರಾಂ ಸುಮಾರು 5.7 ಮಿ.ಲೀ. ಆಗುತ್ತದೆ. ಫ್ಲಾಸ್ಕ್‌ನಲ್ಲಿ ಅರ್ಧದಷ್ಟು ನೀರು ತೆಗೆದುಕೊಂಡು, ಆಮ್ಲ ಸೇರಿಸಿ, ಅಲುಗಾಡಿಸಿ, ಗೆರೆಯವರೆಗೆ ತುಂಬಿಸಿ. ಆಮ್ಲದ ಆವಿ ಕಣ್ಣು ಮೂಗು ಉರಿಸುತ್ತದೆ, ದ್ರವ ಚರ್ಮವನ್ನು ಸುಡುತ್ತದೆ. ಗಾಳಿಯಾಡುವ ಕಡೆ ನಿಂತು, ಪಿಪೆಟ್ಟಿಗೆ ರಬ್ಬರ್ ಬಲ್ಬ್ ಹಾಕಿಯೇ ಎಳೆಯಿರಿ.

ನಮ್ಮ ಭಾಗದವರು ವಿಶೇಷವಾಗಿ ಗಮನಿಸಬೇಕಾದ ಒಂದು ಸಂಗತಿ ಇದೆ. ಶುದ್ಧ ಅಸಿಟಿಕ್ ಆಮ್ಲ ಸುಮಾರು 16.6 ಡಿಗ್ರಿಗೆ ಹೆಪ್ಪುಗಟ್ಟುತ್ತದೆ. ಡಿಸೆಂಬರ್, ಜನವರಿಯ ಬೆಳಗಿನಲ್ಲಿ ಹಾಸನ, ಚಿಕ್ಕಮಗಳೂರಿನ ಪ್ರಯೋಗಾಲಯದ ಕಪಾಟಿನಲ್ಲಿರುವ ಬಾಟಲಿಯೊಳಗೆ ಮಂಜುಗಡ್ಡೆಯಂತಹ ಹರಳುಗಳು ಕಂಡರೆ ಆಮ್ಲ ಕೆಟ್ಟಿದೆ ಎಂದು ತಿಳಿಯಬೇಡಿ. 'ಗ್ಲೇಷಿಯಲ್' ಎಂಬ ಹೆಸರು ಬಂದದ್ದೇ ಈ ಗುಣದಿಂದ. ಬಾಟಲಿಯ ಮುಚ್ಚಳವನ್ನು ಸ್ವಲ್ಪ ಸಡಿಲಿಸಿ ಉಗುರುಬೆಚ್ಚಗಿನ ನೀರಿನ ಪಾತ್ರೆಯಲ್ಲಿ ಇಡಿ, ಪೂರ್ತಿ ಕರಗಿದ ಮೇಲೆ ಒಮ್ಮೆ ಬೆರೆಸಿ ನಂತರ ಅಳೆಯಿರಿ. ಬೆಂಕಿಯ ಹತ್ತಿರ ಒಯ್ಯಬೇಡಿ, ಅದರ ಆವಿ ಹೊತ್ತಿಕೊಳ್ಳುತ್ತದೆ. ಅರ್ಧ ಹೆಪ್ಪುಗಟ್ಟಿದ ಬಾಟಲಿಯಿಂದ ಮೇಲಿನ ದ್ರವವನ್ನಷ್ಟೇ ತೆಗೆಯುವುದೂ ತಪ್ಪು. ಆಮ್ಲದಲ್ಲಿದ್ದ ಅಲ್ಪಸ್ವಲ್ಪ ನೀರು ಹೆಪ್ಪುಗಟ್ಟದೆ ಆ ದ್ರವದಲ್ಲೇ ಒಟ್ಟಾಗಿರುತ್ತದೆ, ನಿಮಗೆ ಸಿಗುವ ಆಮ್ಲ ಬಾಟಲಿಯ ಮೇಲೆ ಬರೆದಷ್ಟು ಶುದ್ಧವಾಗಿರುವುದಿಲ್ಲ.

ಹಂತ 2: ಸೋಡಿಯಂ ಅಸಿಟೇಟಿನ ದ್ರಾವಣ

ಇದೂ 0.2 ಮೋಲಾರ್, 500 ಮಿ.ಲೀ. ತೂಗುವ ಮುನ್ನ ಡಬ್ಬಿಯ ಮೇಲಿನ ಚೀಟಿಯನ್ನು ಓದಿ. ಸೋಡಿಯಂ ಅಸಿಟೇಟ್ ಎರಡು ರೂಪದಲ್ಲಿ ಮಾರಾಟವಾಗುತ್ತದೆ. ಒಂದರಲ್ಲಿ ಪ್ರತಿ ಘಟಕಕ್ಕೆ ಮೂರು ನೀರಿನ ಅಣುಗಳು ಸೇರಿರುತ್ತವೆ, ಚೀಟಿಯ ಮೇಲೆ `CH3COONa.3H2O` ಎಂದಿರುತ್ತದೆ, ಅದರ ಒಂದು ಮೋಲ್ 136 ಗ್ರಾಂ. ಇನ್ನೊಂದು ನೀರಿಲ್ಲದ ರೂಪ, ಅದರ ಒಂದು ಮೋಲ್ 82 ಗ್ರಾಂ. ಮೊದಲನೆಯದಾದರೆ 13.6 ಗ್ರಾಂ, ಎರಡನೆಯದಾದರೆ 8.2 ಗ್ರಾಂ ತೂಗಿ ಕರಗಿಸಿ, ಗೆರೆಯವರೆಗೆ ನೀರು ತುಂಬಿಸಿ.

ಇಡೀ ಪ್ರಯೋಗದಲ್ಲಿ ಅತಿ ಹೆಚ್ಚು ಜನ ಎಡವುವುದು ಇಲ್ಲಿಯೇ. ನೀರಿಲ್ಲದ ಲವಣವನ್ನು 13.6 ಗ್ರಾಂ ತೂಗಿಬಿಟ್ಟರೆ ಅಸಿಟೇಟ್ 1.66 ಪಟ್ಟಾಗುತ್ತದೆ, ಅದರ ಲಾಗ್ 0.22, ಅಂದರೆ ಬಫರಿನ ಪಿಎಚ್ ಇರಬೇಕಾದ್ದಕ್ಕಿಂತ 0.22ರಷ್ಟು ಮೇಲಿರುತ್ತದೆ. ನೀರಿರುವ ಲವಣವನ್ನು 8.2 ಗ್ರಾಂ ತೂಗಿದರೆ ಅಷ್ಟೇ ಕೆಳಗಿರುತ್ತದೆ. ಈ 0.22 ಎಂಬ ಸಂಖ್ಯೆಯನ್ನು ನೆನಪಿಟ್ಟುಕೊಳ್ಳಿ. ನಿಮ್ಮ ಪಕ್ಕದ ತಂಡದ ಬಫರಿಗಿಂತ ನಿಮ್ಮದು ಸರಿಯಾಗಿ ಅಷ್ಟೇ ಮೇಲೆ ಅಥವಾ ಕೆಳಗೆ ತೋರಿಸಿದರೆ, ಮೀಟರನ್ನು ದೂರುವ ಮೊದಲು ಡಬ್ಬಿಯನ್ನು ಮತ್ತೊಮ್ಮೆ ನೋಡಿ.

ಹಂತ 3: ಮೀಟರನ್ನು ಸರಿಹೊಂದಿಸುವುದು

ಮೀಟರಿಗೆ ತಾನಾಗಿ ಪಿಎಚ್ ಗೊತ್ತಿರುವುದಿಲ್ಲ. ಪಿಎಚ್ ಗೊತ್ತಿರುವ ಎರಡು ದ್ರಾವಣಗಳಲ್ಲಿ ಅದ್ದಿ ಅದಕ್ಕೆ ತೋರಿಸಿಕೊಡಬೇಕು. ನಮ್ಮ ಕೆಲಸ 2ರಿಂದ 5ರ ನಡುವೆ ಇರುವುದರಿಂದ 6.86 ಅಥವಾ 7.00ರ ಬಫರಿನಲ್ಲಿ ಮೊದಲು, ಆಮೇಲೆ 4.00ರ ಬಫರಿನಲ್ಲಿ ಸರಿಹೊಂದಿಸಿ. ಪ್ರತಿ ಸಲವೂ ಎಲೆಕ್ಟ್ರೋಡನ್ನು ಭಟ್ಟಿ ಇಳಿಸಿದ ನೀರಿನಿಂದ ತೊಳೆದು, ಟಿಶ್ಯೂ ಕಾಗದವನ್ನು ಮೆಲ್ಲಗೆ ತಾಗಿಸಿ ಹನಿಯನ್ನು ತೆಗೆಯಿರಿ. ಗಾಜಿನ ಗುಂಡನ್ನು ಉಜ್ಜಬೇಡಿ. ಕೆಲಸ ಮುಗಿದ ಮೇಲೆ ಎಲೆಕ್ಟ್ರೋಡನ್ನು ಭಟ್ಟಿ ಇಳಿಸಿದ ನೀರಿನಲ್ಲಿ ಮುಳುಗಿಸಿಡುವ ಅಭ್ಯಾಸ ಹಲವು ಕಡೆ ಇದೆ. ಅದು ಒಳಗಿನ ಲವಣವನ್ನು ಹೊರಗೆಳೆದು ಎಲೆಕ್ಟ್ರೋಡನ್ನು ನಿಧಾನವಾಗಿ ಹಾಳುಮಾಡುತ್ತದೆ. 3 ಮೋಲಾರ್ ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣದಲ್ಲಿಡಬೇಕು.

ಹಂತ 4: ಬಫರನ್ನು ಬೆರೆಸುವುದು

ಒಂದು ಒಣ ಬೀಕರಿಗೆ ಅಸಿಟಿಕ್ ಆಮ್ಲದ ದ್ರಾವಣ 50 ಮಿ.ಲೀ., ಸೋಡಿಯಂ ಅಸಿಟೇಟಿನ ದ್ರಾವಣ 50 ಮಿ.ಲೀ. ಪಿಪೆಟ್ಟಿನಿಂದ ಹಾಕಿ ಬೆರೆಸಿ. ಈಗ ನಿಮ್ಮ ಬಳಿ 100 ಮಿ.ಲೀ. ಬಫರ್ ಇದೆ, ಅದರಲ್ಲಿ ಅಸಿಟಿಕ್ ಆಮ್ಲ 10 ಮಿಲಿಮೋಲ್, ಅಸಿಟೇಟ್ 10 ಮಿಲಿಮೋಲ್. ಪಿಎಚ್ ಅಳೆದು ಬರೆದುಕೊಳ್ಳಿ.

ಮೀಟರ್ 4.76 ತೋರಿಸಲಿಲ್ಲ, 4.65ರ ಆಸುಪಾಸು ತೋರಿಸಿತು, ಎಲ್ಲಿ ತಪ್ಪಾಯಿತು ಎಂದು ಬಹಳ ಜನ ಗಾಬರಿಯಾಗುತ್ತಾರೆ. ತಪ್ಪೇನೂ ಆಗಿಲ್ಲ. ಪುಸ್ತಕದ 4.76 ಅತಿ ತೆಳುವಾದ ದ್ರಾವಣಕ್ಕೆ ಸಲ್ಲುವ ಬೆಲೆ. ನಮ್ಮ ದ್ರಾವಣದಲ್ಲಿ ಸೋಡಿಯಂ ಮತ್ತು ಅಸಿಟೇಟ್ ಅಯಾನುಗಳು ದಟ್ಟವಾಗಿವೆ. ಅವುಗಳ ವಿದ್ಯುದಂಶಗಳು ಒಂದರ ಮೇಲೊಂದು ಪ್ರಭಾವ ಬೀರುವುದರಿಂದ ಅಸಿಟೇಟ್ ಅಯಾನು ತನ್ನ ಪೂರ್ಣ ಶಕ್ತಿಯಿಂದ ವರ್ತಿಸುವುದಿಲ್ಲ, ಪಿಎಚ್ ಸುಮಾರು 0.1ರಷ್ಟು ಕೆಳಗೆ ನಿಲ್ಲುತ್ತದೆ. ಮುಂದಿನ ಲೆಕ್ಕವನ್ನು ನಾನು 4.76ರಿಂದಲೇ ಆರಂಭಿಸಿದ್ದೇನೆ. ನಿಮ್ಮ ಆರಂಭದ ಅಂಕ ಬೇರೆಯಿದ್ದರೂ, ಆಮ್ಲ ಹಾಕಿದಾಗ ಆಗುವ ಇಳಿಕೆ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ, ಹೋಲಿಸಬೇಕಾದದ್ದು ಇಳಿಕೆಯನ್ನು.

ಹಂತ 5: ಮೊದಲ ಮಿಲಿಲೀಟರ್

ಇನ್ನೊಂದು ಬೀಕರಿನಲ್ಲಿ 100 ಮಿ.ಲೀ. ಭಟ್ಟಿ ಇಳಿಸಿದ ನೀರು ತೆಗೆದುಕೊಳ್ಳಿ. ಇದರ ಪಿಎಚ್ 7 ಇರಬೇಕೆಂದು ನಿರೀಕ್ಷಿಸಬೇಡಿ. ಗಾಳಿಗೆ ತೆರೆದಿಟ್ಟ ಶುದ್ಧ ನೀರು ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು 5.6ರ ಹತ್ತಿರಕ್ಕೆ ಇಳಿದಿರುತ್ತದೆ. ಅಯಾನುಗಳೇ ಕಡಿಮೆ ಇರುವುದರಿಂದ ಮೀಟರಿನ ಅಂಕವೂ ನಿಲ್ಲದೆ ಓಲಾಡುತ್ತದೆ.

ಈಗ ಬ್ಯೂರೆಟ್ಟಿನಿಂದ ನೀರಿಗೆ 1 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲದ ಒಂದೇ ಒಂದು ಹನಿ ಬಿಡಿ. ಒಂದು ಹನಿ ಸುಮಾರು 0.05 ಮಿ.ಲೀ. ಅಷ್ಟಕ್ಕೇ ಪಿಎಚ್ 3.3ಕ್ಕೆ ಬೀಳುತ್ತದೆ. ಒಟ್ಟು 1 ಮಿ.ಲೀ. ಆಗುವವರೆಗೆ ಬಿಟ್ಟರೆ 2.0ಕ್ಕೆ ಬರುತ್ತದೆ. ಬಫರಿಗೂ ಅದೇ ಆಮ್ಲವನ್ನು ಅದೇ 1 ಮಿ.ಲೀ. ಹಾಕಿ, ಗಾಜಿನ ಕಡ್ಡಿಯಿಂದ ಬೆರೆಸಿ, ಅಂಕ ನಿಂತ ಮೇಲೆ ಓದಿ. ಪಿಎಚ್ ಇಳಿದದ್ದು ಸುಮಾರು 0.09 ಮಾತ್ರ. ಬೆರೆಸದೆ ಓದಿದರೆ ಎಲೆಕ್ಟ್ರೋಡಿನ ಹತ್ತಿರ ಬಿದ್ದ ಆಮ್ಲದಿಂದ ಅಂಕ ಒಮ್ಮೆಲೇ ಕುಸಿದು ಆಮೇಲೆ ಮೇಲೇರುವುದು ಕಾಣುತ್ತದೆ. ಬಫರ್ ಮೊದಲು ಸೋತು ನಂತರ ಚೇತರಿಸಿಕೊಂಡಿತು ಎಂದು ಅದನ್ನು ಅರ್ಥಮಾಡಿಕೊಳ್ಳಬಾರದು. ಬೆರಕೆ ಪೂರ್ತಿಯಾಗಿರಲಿಲ್ಲ, ಅಷ್ಟೆ.

ಮೀಟರ್ ಇಲ್ಲದವರು ಎರಡೂ ಬೀಕರಿಗೆ ಮೀಥೈಲ್ ಆರೆಂಜ್ ಎರಡೆರಡು ಹನಿ ಹಾಕಿ ಆರಂಭಿಸಲಿ. ಈ ಸೂಚಕ 4.4ಕ್ಕಿಂತ ಮೇಲೆ ಹಳದಿ, 3.1ಕ್ಕಿಂತ ಕೆಳಗೆ ಕೆಂಪು. ನೀರಿನ ಬೀಕರ್ ಎರಡು ಹನಿ ಆಮ್ಲಕ್ಕೇ ಕೆಂಪಾಗುತ್ತದೆ. ಬಫರ್ 1 ಮಿ.ಲೀ. ಪೂರ್ತಿ ಹಾಕಿದರೂ ಹಳದಿಯಾಗಿಯೇ ಉಳಿಯುತ್ತದೆ.

ಭಟ್ಟಿ ಇಳಿಸಿದ ನೀರು ಮುಗಿದಿದೆಯೆಂದು ಕೊಳವೆಬಾವಿಯ ನೀರನ್ನು ಹೋಲಿಕೆಗೆ ಇಟ್ಟರೆ ಪ್ರಯೋಗ ಗೊಂದಲವಾಗುತ್ತದೆ. ಅರಸೀಕೆರೆ, ಕಡೂರಿನಂತಹ ಬಯಲುಸೀಮೆಯ ಗಡಸು ನೀರಿನಲ್ಲಿ ಬೈಕಾರ್ಬೊನೇಟ್ ಕರಗಿರುತ್ತದೆ, ಅದು ತಾನೇ ಹೈಡ್ರೋಜನ್ ಅಯಾನುಗಳನ್ನು ಹಿಡಿದುಕೊಳ್ಳುವುದರಿಂದ ಮೊದಲ ಹನಿಗಳಿಗೆ ಪಿಎಚ್ ಅಷ್ಟಾಗಿ ಇಳಿಯುವುದಿಲ್ಲ. ಆ ನೀರೂ ಒಂದು ಬಫರ್ ಎಂಬುದು ನಿಜ, ಆದರೆ ನಮಗೆ ಇಲ್ಲಿ ಬೇಕಾಗಿರುವುದು ಬಫರ್ ಅಲ್ಲದ ದ್ರವ.

ಹಂತ 6: ಏನಾಯಿತು ಎಂಬುದನ್ನು ಲೆಕ್ಕದಿಂದ ನೋಡುವುದು

1 ಮೋಲಾರ್ ಆಮ್ಲ 1 ಮಿ.ಲೀ. ಎಂದರೆ 1 ಮಿಲಿಮೋಲ್ ಹೈಡ್ರೋಜನ್ ಅಯಾನು. ಬಫರಿನಲ್ಲಿ ಅದು ಎದುರಿಸುವುದು 10 ಮಿಲಿಮೋಲ್ ಅಸಿಟೇಟನ್ನು. ಒಂದೊಂದು ಹೈಡ್ರೋಜನ್ ಅಯಾನೂ ಒಂದೊಂದು ಅಸಿಟೇಟ್ ಅಯಾನಿಗೆ ಸೇರಿ ಇಡಿ ಅಸಿಟಿಕ್ ಆಮ್ಲದ ಅಣುವಾಗುತ್ತದೆ. ಅಸಿಟೇಟ್ 10ರಿಂದ 9ಕ್ಕೆ ಇಳಿಯಿತು, ಅಸಿಟಿಕ್ ಆಮ್ಲ 10ರಿಂದ 11ಕ್ಕೆ ಏರಿತು.

```
pH = 4.76 + log10(9/11) = 4.76 - 0.09 = 4.67
```

ನಾವು ಹಾಕಿದ ಹೈಡ್ರೋಜನ್ ಅಯಾನುಗಳಲ್ಲಿ ಬಿಡಿಯಾಗಿ ಉಳಿದವು ಎಷ್ಟು ಎಂದು ಕೇಳಿದರೆ ವಿಷಯ ಇನ್ನೂ ಸ್ಪಷ್ಟವಾಗುತ್ತದೆ. ಪಿಎಚ್ 4.76 ಇದ್ದಾಗ 100 ಮಿ.ಲೀ. ಬಫರಿನಲ್ಲಿ ಬಿಡಿ ಹೈಡ್ರೋಜನ್ ಅಯಾನು 1.74 ಮೈಕ್ರೋಮೋಲ್, 4.67ಕ್ಕೆ ಬಂದಾಗ 2.15 ಮೈಕ್ರೋಮೋಲ್. ಏರಿಕೆ ಸುಮಾರು 0.4 ಮೈಕ್ರೋಮೋಲ್. ನಾವು ಹಾಕಿದ್ದು 1000 ಮೈಕ್ರೋಮೋಲ್. ಅಂದರೆ ಹತ್ತು ಸಾವಿರ ಹೈಡ್ರೋಜನ್ ಅಯಾನುಗಳನ್ನು ಹಾಕಿದರೆ ಬಿಡಿಯಾಗಿ ಉಳಿದದ್ದು ನಾಲ್ಕು. ಉಳಿದವೆಲ್ಲ ಅಸಿಟೇಟಿಗೆ ಅಂಟಿಕೊಂಡವು. ಆಮ್ಲ ಎಲ್ಲಿಯೂ ಮಾಯವಾಗಿಲ್ಲ, ಬೀಕರಿನಲ್ಲಿ ಅಷ್ಟೂ ಇದೆ, ಆದರೆ ಪಿಎಚ್ ಮೀಟರಿಗೆ ಕಾಣದ ರೂಪದಲ್ಲಿದೆ. ನೀರಿನ ಬೀಕರಿನಲ್ಲಿ ಹಿಡಿದುಕೊಳ್ಳುವವರು ಯಾರೂ ಇರಲಿಲ್ಲ, ಹತ್ತು ಸಾವಿರವೂ ಬಿಡಿಯಾಗಿಯೇ ಉಳಿದವು.

ಇಲ್ಲಿ ಒಂದು ಸಂದೇಹ ಏಳುವುದು ಸಹಜ. ಹೊಸದಾಗಿ ಉಂಟಾದ ಅಸಿಟಿಕ್ ಆಮ್ಲವೂ ಆಮ್ಲವೇ ಅಲ್ಲವೇ, ಅದು ಮತ್ತೆ ಒಡೆದು ಹೈಡ್ರೋಜನ್ ಬಿಡುವುದಿಲ್ಲವೇ? ಬಿಡುತ್ತದೆ, ಆದರೆ ಅಸಿಟೇಟ್ ಈಗಾಗಲೇ ದ್ರಾವಣದಲ್ಲಿ ತುಂಬಿಕೊಂಡಿರುವುದರಿಂದ ಒಡೆದದ್ದು ಕೂಡಲೇ ಮತ್ತೆ ಕೂಡಿಕೊಳ್ಳುತ್ತದೆ. ಆಮ್ಲ ಒಂದೇ ಇದ್ದಾಗ ನೂರಕ್ಕೆ ಒಂದರಷ್ಟು ಒಡೆಯುತ್ತಿದ್ದದ್ದು, ಅಸಿಟೇಟ್ ಜೊತೆಗಿದ್ದಾಗ ಹತ್ತು ಸಾವಿರಕ್ಕೆ ಎರಡರಷ್ಟು ಮಾತ್ರ ಒಡೆದಿರುತ್ತದೆ.

ಹೈಡ್ರೋಕ್ಲೋರಿಕ್ ಆಮ್ಲ ಮತ್ತು ಉಪ್ಪನ್ನು ಬೆರೆಸಿದರೆ ಏಕೆ ಹೀಗಾಗುವುದಿಲ್ಲ ಎಂಬುದಕ್ಕೂ ಇದೇ ಉತ್ತರ. ಕ್ಲೋರೈಡ್ ಎಷ್ಟೇ ಇದ್ದರೂ ಹೈಡ್ರೋಜನ್ ಅಯಾನನ್ನು ಹಿಡಿದುಕೊಳ್ಳದು. ಆಮ್ಲ ದುರ್ಬಲವಾಗಿರಬೇಕು ಎಂಬ ನಿಯಮದ ಅರ್ಥ, ಅದರ ಲವಣದಲ್ಲಿರುವ ಅಯಾನಿಗೆ ಹಿಡಿಯುವ ಗುಣ ಇರಬೇಕು ಎಂಬುದು.

ಹಂತ 7: ಬಫರ್ ಸೋಲುವವರೆಗೆ ಮುಂದುವರಿಸುವುದು

ಹೆಚ್ಚಿನವರು ಹಿಂದಿನ ಹಂತಕ್ಕೇ ನಿಲ್ಲಿಸುತ್ತಾರೆ. ನನ್ನ ಮಟ್ಟಿಗೆ ಈ ಪ್ರಯೋಗದ ಅತಿ ಮುಖ್ಯ ಭಾಗ ಇದು, ಏಕೆಂದರೆ ಬಫರಿಗೆ ಮಿತಿ ಇದೆ ಎಂಬುದು ಇಲ್ಲಿ ತಿಳಿಯುತ್ತದೆ. ಅದೇ ಬೀಕರಿಗೆ ಆಮ್ಲ ಹಾಕುತ್ತ ಹೋಗಿ, ಪ್ರತಿ ಮಿ.ಲೀ.ಗೂ ಓದಿ ಬರೆಯಿರಿ. ಲೆಕ್ಕದ ಪ್ರಕಾರ ಹೀಗೆ ಬರಬೇಕು:

```
HCl (ml)   pH
 0         4.76
 1         4.67
 2         4.58
 5         4.28
 8         3.81
 9         3.48
10         2.75
11         2.05
```

ಮೊದಲ ಐದು ಮಿ.ಲೀ.ಗೆ ಪಿಎಚ್ ಅರ್ಧ ಅಂಕದಷ್ಟೂ ಇಳಿಯಲಿಲ್ಲ. ಒಂಬತ್ತರಿಂದ ಹತ್ತಕ್ಕೆ ಹೋಗುವ ಒಂದೇ ಮಿ.ಲೀ. ಮುಕ್ಕಾಲು ಅಂಕಕ್ಕೆ ಹತ್ತಿರ ಇಳಿಸಿತು. ಆಮ್ಲದ ಪ್ರಮಾಣ ಪ್ರತಿ ಸಲವೂ ಅದೇ. ಬದಲಾದದ್ದು ಉಳಿದಿದ್ದ ಅಸಿಟೇಟ್. ಹತ್ತರಲ್ಲಿ ಒಂದನ್ನು ಕಳೆದುಕೊಂಡರೆ ಅನುಪಾತ ಅಷ್ಟೇನೂ ಕದಲುವುದಿಲ್ಲ, ಎರಡು ಉಳಿದಿರುವಾಗ ಒಂದನ್ನು ಕಳೆದುಕೊಂಡರೆ ಅರ್ಧಕ್ಕಿಳಿಯುತ್ತದೆ. ಹತ್ತನೆಯ ಮಿ.ಲೀ.ಗೆ ಅಸಿಟೇಟ್ ಮುಗಿಯಿತು. ಅಲ್ಲಿಂದ ಮುಂದೆ ಬೀಕರಿನಲ್ಲಿರುವುದು ಅಸಿಟಿಕ್ ಆಮ್ಲ ಮಾತ್ರ, ಹನ್ನೊಂದನೆಯ ಮಿ.ಲೀ. ನೀರಿಗೆ ಬಿದ್ದಂತೆಯೇ ಬೀಳುತ್ತದೆ. ಮೀಥೈಲ್ ಆರೆಂಜ್ ಹಾಕಿದವರಿಗೆ ಐದರ ಸುಮಾರಿಗೆ ಹಳದಿಯಲ್ಲಿ ಕಿತ್ತಳೆಯ ಛಾಯೆ ಕಂಡು, ಹತ್ತು ಮುಟ್ಟುವ ಹೊತ್ತಿಗೆ ಕೆಂಪಾಗುತ್ತದೆ.

ನಿಮ್ಮ ಅಂಕಗಳನ್ನು ಗ್ರಾಫ್ ಕಾಗದದ ಮೇಲೆ ಗುರುತಿಸಿ. ಕಡಿದಾದ ಇಳಿಜಾರು ಹತ್ತರಲ್ಲಿ ಬರದೆ 10.6ರಲ್ಲಿ ಬಂದರೆ ನಿಮ್ಮ ಹೈಡ್ರೋಕ್ಲೋರಿಕ್ ಆಮ್ಲ 1 ಮೋಲಾರ್ ಅಲ್ಲ, ಸುಮಾರು 0.94 ಮೋಲಾರ್ ಇರಬಹುದು. ಬಾಟಲಿ ಹಳೆಯದಾದಷ್ಟೂ ಸಾಂದ್ರ ಆಮ್ಲದ ಆವಿ ಹೊರಹೋಗಿ ಬಲ ಕುಗ್ಗಿರುತ್ತದೆ. ಬಹಳ ಮೊದಲೇ, ಆರರ ಸುಮಾರಿಗೇ ಬಂದರೆ ಎರಡನೆಯ ಹಂತದ 8.2 ಗ್ರಾಂ ತಪ್ಪನ್ನು ನೆನಪಿಸಿಕೊಳ್ಳಿ.

ಈಗ ನೀರು ಬೆರೆಸುವ ಪ್ರಶ್ನೆಗೆ ಮರಳೋಣ. ಹೊಸದಾಗಿ ಮಾಡಿದ ಬಫರ್ 10 ಮಿ.ಲೀ. ತೆಗೆದು ನೀರು ಸೇರಿಸಿ 100 ಮಿ.ಲೀ. ಮಾಡಿದರೆ ಪಿಎಚ್ ಹೆಚ್ಚುಕಡಿಮೆ ಅಲ್ಲೇ ಇರುತ್ತದೆ, ದಟ್ಟಣೆ ಕಡಿಮೆಯಾದ್ದರಿಂದ 4.76ರ ಕಡೆಗೆ ತುಸು ಏರುತ್ತದೆ. ಆದರೆ ಅದರಲ್ಲಿ ಅಸಿಟೇಟ್ ಇರುವುದು 1 ಮಿಲಿಮೋಲ್ ಮಾತ್ರ, ಒಂದು ಮಿ.ಲೀ. ಆಮ್ಲಕ್ಕೇ ಅದು ಮುಗಿದುಹೋಗುತ್ತದೆ. ಪಿಎಚ್ ಎಷ್ಟು ಎಂಬುದು ಅನುಪಾತದ ಮಾತು, ಎಷ್ಟು ಆಮ್ಲವನ್ನು ತಡೆಯಬಲ್ಲದು ಎಂಬುದು ಒಟ್ಟು ಪ್ರಮಾಣದ ಮಾತು. ಈ ಎರಡನೆಯದಕ್ಕೆ ಬಫರ್ ಸಾಮರ್ಥ್ಯ ಎಂದು ಹೆಸರು. ಪರೀಕ್ಷೆಯ ಉತ್ತರಗಳಲ್ಲಿ ಇವೆರಡನ್ನು ಒಂದೇ ಎಂದು ಬರೆಯುವವರು ಬಹಳ.

ಬೇರೆ ಪಿಎಚ್ ಬೇಕಾದಾಗ

ಅದೇ ಎರಡು ದ್ರಾವಣಗಳಿಂದ ಪಿಎಚ್ 5.0ರ ಬಫರ್ ಬೇಕೆನ್ನಿ. ಪುಸ್ತಕದ 4.76 ಇಟ್ಟು ಲೆಕ್ಕ ಹಾಕಿದರೆ ಅಸಿಟೇಟ್ 63.5, ಆಮ್ಲ 36.5 ಮಿ.ಲೀ. ಬರುತ್ತದೆ, ಆದರೆ ಮೀಟರ್ 4.9ರ ಸುಮಾರು ತೋರಿಸುತ್ತದೆ. ನೀವೇ ಅಳೆದ 4.65ನ್ನು ಪಿಕೆಎ ಜಾಗದಲ್ಲಿಟ್ಟರೆ ಅಸಿಟೇಟ್ 69, ಆಮ್ಲ 31 ಮಿ.ಲೀ. ಬರುತ್ತದೆ, ಅದು ಸರಿಹೊಂದುತ್ತದೆ. ಅಸಿಟೇಟ್ ಬಫರನ್ನು 3.8ರಿಂದ 5.8ರವರೆಗೆ ಮಾತ್ರ ನಂಬಿ. ಅದರಾಚೆಗೆ ಎರಡರಲ್ಲಿ ಒಂದು ಘಟಕ ಹತ್ತನೇ ಒಂದು ಭಾಗಕ್ಕೆ ಇಳಿದಿರುತ್ತದೆ, ಮೇಲಿನ ಪಟ್ಟಿಯಲ್ಲಿ ಎಂಟನೇ ಮಿ.ಲೀ.ಯ ನಂತರ ಕಂಡ ಸ್ಥಿತಿಗೆ ಅದು ಆಗಲೇ ಬಂದಿರುತ್ತದೆ. ಪಿಎಚ್ 7ರ ಹತ್ತಿರ ಬೇಕಿದ್ದರೆ ಫಾಸ್ಫೇಟ್ ಲವಣಗಳ ಬಫರನ್ನು ಮಾಡಿ.

ಉಳಿದ ಬಫರನ್ನು ಮುಚ್ಚಿದ ಬಾಟಲಿಯಲ್ಲಿ ದಿನಾಂಕ ಬರೆದು ಫ್ರಿಜ್ಜಿನಲ್ಲಿಡಿ. ಅಸಿಟೇಟ್ ಬೂಷ್ಟಿಗೆ ಆಹಾರ; ದ್ರಾವಣದಲ್ಲಿ ನೂಲಿನಂತಹ ಎಳೆ ಅಥವಾ ಮಸುಕು ಕಂಡರೆ ಚೆಲ್ಲಿಬಿಡಿ.

ಕಾಫಿ ತೋಟದ ಮಣ್ಣಿಗೆ ಇದು ಹೇಗೆ ಅನ್ವಯಿಸುತ್ತದೆ

ಒಂದೇ ಪಿಎಚ್ ತೋರಿಸುವ ಎರಡು ತುಂಡು ಜಮೀನಿಗೆ ಬೇರೆ ಬೇರೆ ಪ್ರಮಾಣದ ಸುಣ್ಣ ಏಕೆ ಹೇಳುತ್ತಾರೆ ಎಂದು ಕೇಳುವ ಬೆಳೆಗಾರರಿಗೆ ಏಳನೆಯ ಹಂತದಲ್ಲಿ ಉತ್ತರವಿದೆ. ಜೇಡಿ ಮತ್ತು ಎಲೆಗೊಬ್ಬರ ಹೆಚ್ಚಿರುವ ಮಣ್ಣು ದಟ್ಟವಾದ ಬಫರಿನಂತೆ, ಮರಳು ಮಣ್ಣು ನೀರು ಬೆರೆಸಿದ ಬಫರಿನಂತೆ. ಎರಡೂ 5.2 ತೋರಿಸಬಹುದು, ಆದರೆ ಜೇಡಿ ಮಣ್ಣಿನ ಕಣಗಳಿಗೆ ಅಂಟಿಕೊಂಡು ಮೀಟರಿಗೆ ಕಾಣದೆ ಇರುವ ಆಮ್ಲೀಯತೆ ಬಹಳ ಹೆಚ್ಚು. ಸುಣ್ಣ ಹಾಕಿದಾಗ ಬಿಡಿ ಅಯಾನುಗಳು ಖರ್ಚಾಗುತ್ತಿದ್ದಂತೆ ಅಂಟಿಕೊಂಡವು ಬಿಡಿಯಾಗಿ ಬರುತ್ತವೆ, ಅವನ್ನೂ ತೀರಿಸುವವರೆಗೆ ಪಿಎಚ್ ನಿಧಾನವಾಗಿಯೇ ಏರುತ್ತದೆ.

ಇದನ್ನು ಅಳೆಯಲು ಪ್ರಯೋಗಾಲಯಗಳಲ್ಲಿ ಬಳಸುವ ವಿಧಾನವೂ ಬಫರಿನದೇ. ಪಿಎಚ್ ಗೊತ್ತಿರುವ ಒಂದು ಬಫರನ್ನು ಮಣ್ಣಿಗೆ ಬೆರೆಸಿ ಕಲಕಿ, ಆ ಬಫರಿನ ಪಿಎಚ್ ಎಷ್ಟು ಇಳಿಯಿತು ಎಂದು ನೋಡುತ್ತಾರೆ. ನಾವು ಬೀಕರಿನಲ್ಲಿ ಗೊತ್ತಿರುವಷ್ಟು ಆಮ್ಲ ಹಾಕಿ ಇಳಿಕೆಯನ್ನು ಕಂಡೆವು. ಅಲ್ಲಿ ಇಳಿಕೆಯನ್ನು ಕಂಡು, ಮಣ್ಣಿನಲ್ಲಿ ಅಡಗಿದ್ದ ಆಮ್ಲ ಎಷ್ಟೆಂದು ಹಿಂದಕ್ಕೆ ಲೆಕ್ಕ ಹಾಕುತ್ತಾರೆ, ಎಕರೆಗೆ ಎಷ್ಟು ಸುಣ್ಣ ಎಂಬುದು ಆ ಲೆಕ್ಕದಿಂದ ಬರುತ್ತದೆ. ಆದ್ದರಿಂದ ಮಣ್ಣಿನ ಮಾದರಿಯನ್ನು ಪರೀಕ್ಷೆಗೆ ಕೊಡುವಾಗ ಪಿಎಚ್ ಒಂದನ್ನೇ ಕೇಳದೆ, ಸುಣ್ಣದ ಅಗತ್ಯವನ್ನೂ ಪರೀಕ್ಷಿಸಿ ಕೊಡಿ ಎಂದು ಚೀಟಿಯಲ್ಲಿ ಬರೆಯಿಸಿ. ನಿಮ್ಮ ಕೈಯಲ್ಲಿರುವ ಮೀಟರ್ ತೋರಿಸುವುದು ಮೊದಲನೆಯದನ್ನು ಮಾತ್ರ.